ಅವತಾರ್ ನೋಡಿ ಅದರ ಹಿಂದಿನ ಮನುಷ್ಯರನ್ನು ಹುಡುಕುವವರಿಗೆ ಒಂದು ಬಹಿರಂಗ ಪತ್ರ

ವಿಟ್ಯೂಬರ್‌ಗಳ ಸ್ಟ್ರೀಮ್ ನೋಡುವ ಗೆಳೆಯರಿಗೆ, ಆನ್‌ಲೈನ್ ಗೇಮ್ ಆಡುವವರಿಗೆ, ಮುಖ್ಯವಾಗಿ ದೂರು ಬಂದಾಗ ತೀರ್ಮಾನ ಕೊಡುವ ಮಾಡರೇಟರ್‌ಗಳಿಗೆ,

ನಮಸ್ಕಾರ.

ತಮ್ಮ ಮುಖದ ಬದಲು ಅಲ್ಲಾಡುವ ಒಂದು ಚಿತ್ರವನ್ನು, ಅಂದರೆ ಅವತಾರ್ ಅನ್ನು, ತೋರಿಸಿ ಸ್ಟ್ರೀಮ್ ಮಾಡುವವರು ವಿಟ್ಯೂಬರ್‌ಗಳು. ಅವರು ಬಳಸುವ ಆ ಮಾಡೆಲ್‌ಗಳನ್ನು ರಿಗ್ ಮಾಡುವುದು ನನ್ನ ಕೆಲಸ. ಕಲಾವಿದರು ಬರೆದುಕೊಟ್ಟ ಚಿತ್ರ ನನ್ನ ಹತ್ತಿರ ಬರುತ್ತದೆ. ಅದು ತಲೆ ಆಡಿಸುವ ಹಾಗೆ, ಕಣ್ಣು ಮಿಟುಕಿಸುವ ಹಾಗೆ, ಬಾಯಿ ತೆರೆಯುವ ಹಾಗೆ ಮಾಡಿ ವಾಪಸ್ ಕೊಡುತ್ತೇನೆ. ಈ ಕೆಲಸದಲ್ಲಿ ಇರುವುದರಿಂದಲೇ ನನಗೆ ಒಂದು ಬಗೆಯ ಮೆಸೇಜು ಆಗಾಗ ಬರುತ್ತಿರುತ್ತದೆ. ಒಂದು ಅವತಾರ್‌ನ ಸ್ಕ್ರೀನ್‌ಶಾಟ್, ಅದರ ಪಕ್ಕದಲ್ಲಿ ಯಾರದೋ ಫೋಟೋ, ಕೆಳಗೆ ಒಂದೇ ಪ್ರಶ್ನೆ: "ಇದು ಇವರೇ ಅಲ್ವಾ?"

ಕೆಲವರು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ. ಕೆಲವರು ಆಗಲೇ ತೀರ್ಮಾನ ಮಾಡಿಕೊಂಡಿರುತ್ತಾರೆ, ನನ್ನ ಹತ್ತಿರ ಒಂದು "ಹೌದು" ಮಾತ್ರ ಬೇಕಿರುತ್ತದೆ. ಆ ಫೋಟೋದಲ್ಲಿರುವ ವ್ಯಕ್ತಿಗೆ ಅಷ್ಟರಲ್ಲಿ ಬೈಗುಳ ಹೋಗಲು ಶುರುವಾಗಿರುತ್ತದೆ. ಅವರು ಯಾವತ್ತೂ ಸ್ಟ್ರೀಮ್ ಮಾಡಿಲ್ಲದೆಯೂ ಇರಬಹುದು. ಅದಕ್ಕೇ ಒಬ್ಬೊಬ್ಬರಿಗೂ ಉತ್ತರ ಬರೆಯುವ ಬದಲು ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಇಷ್ಟು: ಅವತಾರ್ ನೋಡಿ ಅದರ ಹಿಂದೆ ಯಾರಿದ್ದಾರೆ ಅಂತ ಹೇಳಲು ಆಗುವುದಿಲ್ಲ. ಕಷ್ಟ ಅಂತ ಅಲ್ಲ, ಹೇಳಲು ಬೇಕಾದ ಮಾಹಿತಿಯೇ ಆ ಚಿತ್ರದಲ್ಲಿ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತುಂಬ ಜನ ಅಂದುಕೊಂಡಿರುವುದು ಹೀಗೆ: ಕ್ಯಾಮೆರಾದಲ್ಲಿ ನಿಜವಾದ ಮುಖ ಇದೆ, ಅದರ ಮೇಲೆ ಕಾರ್ಟೂನು ಅಂಟಿಸಿದ್ದಾರೆ, ಜಾಣತನ ಇದ್ದರೆ ಆ ಕಾರ್ಟೂನನ್ನು ಕೀಳಬಹುದು. ಫೋನಿನ ಬ್ಯೂಟಿ ಫಿಲ್ಟರ್‌ಗಳು ಹೆಚ್ಚುಕಡಿಮೆ ಹಾಗೇ ಕೆಲಸ ಮಾಡುವುದು ನಿಜ. ಅಲ್ಲಿ ಕ್ಯಾಮೆರಾದ ವಿಡಿಯೋನೇ ಮುಂದೆ ಹೋಗುತ್ತದೆ. ಫಿಲ್ಟರ್ ಒಂದು ಕ್ಷಣ ಜಾರಿದರೆ ಕೆಳಗಿನ ಮುಖ ಕಾಣಿಸಿಬಿಡುತ್ತದೆ. ವಿಟ್ಯೂಬರ್ ಮಾಡೆಲ್ ಹಾಗಲ್ಲ. ಮುಖದ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ಕೈಕೊಟ್ಟರೆ ಮಾಡೆಲ್ ಅಲ್ಲಾಡದೆ ನಿಂತುಬಿಡುತ್ತದೆ, ಇಲ್ಲ ಕತ್ತು ಒಂದು ಕಡೆ ವಾಲಿಸಿಕೊಂಡು ಕೂರುತ್ತದೆ. ಅದರ ಕೆಳಗಿನಿಂದ ಯಾರ ಮುಖವೂ ಇಣುಕುವುದಿಲ್ಲ, ಯಾಕೆಂದರೆ ಕೆಳಗೆ ಮುಖವೇ ಇಲ್ಲ.

ಎರಡು ಆಯಾಮದ ಮಾಡೆಲ್‌ಗಳನ್ನು ಹೆಚ್ಚಾಗಿ ಲೈವ್2ಡಿ ಕ್ಯೂಬಿಸಂ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇವೆ. ಕಲಾವಿದರು ಕೊಡುವ ಚಿತ್ರ ಒಂದೇ ಹಾಳೆಯಲ್ಲಿ ಇರುವುದಿಲ್ಲ. ಮೇಲಿನ ರೆಪ್ಪೆ ಒಂದು ಲೇಯರ್, ಕೆಳಗಿನದು ಇನ್ನೊಂದು, ಕಣ್ಣಿನ ಬಿಳಿ ಬೇರೆ, ಪಾಪೆ ಬೇರೆ, ಅದರ ಮೇಲಿನ ಹೊಳಪೂ ಬೇರೆ. ತಲೆಕೂದಲಿಗೇ ಎಷ್ಟೋ ಲೇಯರ್‌ಗಳು. ನಾನು ಮಾಡುವುದು ಇಷ್ಟೇ: ತಲೆ ಪೂರ್ತಿ ಎಡಕ್ಕೆ ತಿರುಗಿದಾಗ ಪ್ರತಿ ಲೇಯರ್ ಎಲ್ಲಿರಬೇಕು, ಯಾವ ಆಕಾರದಲ್ಲಿರಬೇಕು ಅಂತ ಕೈಯಿಂದ ಜೋಡಿಸುತ್ತೇನೆ. ಆಮೇಲೆ ನೇರ ನೋಡುವಾಗ ಹೇಗೆ, ಬಲಕ್ಕೆ ತಿರುಗಿದಾಗ ಹೇಗೆ ಅಂತಲೂ ಜೋಡಿಸುತ್ತೇನೆ. ಈ ಮೂರರ ನಡುವಿನ ಎಲ್ಲ ಸ್ಥಿತಿಗಳನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಅಂದರೆ ಸ್ಟ್ರೀಮಿನಲ್ಲಿ ನಿಮಗೆ ಕಾಣುವ ಪ್ರತಿಯೊಂದು ಫ್ರೇಮೂ ಮೊದಲೇ ಬರೆದಿಟ್ಟ ಚಿತ್ರಗಳ ಮಿಶ್ರಣ. ಅದರಲ್ಲಿ ಕ್ಯಾಮೆರಾದಿಂದ ಬಂದ ಒಂದು ಚುಕ್ಕೆಯೂ ಇಲ್ಲ.

ಹಾಗಾದರೆ ಕ್ಯಾಮೆರಾದಿಂದ ಬರುವುದೇನು? ಬರೀ ಅಂಕಿಗಳು. ಮುಖದ ಚಲನೆ ಗಮನಿಸುವ ಪ್ರೋಗ್ರಾಂ ತಲೆ ಎಷ್ಟು ತಿರುಗಿದೆ, ಕಣ್ಣು ಎಷ್ಟು ತೆರೆದಿದೆ, ದವಡೆ ಎಷ್ಟು ಇಳಿದಿದೆ ಅಂತ ಅಳೆಯುತ್ತದೆ. ಮುಖದ ಆಳ ಅಳೆಯುವ ಕ್ಯಾಮೆರಾ ಇರುವ ಐಫೋನ್‌ಗಳಲ್ಲಿ ಆಪಲ್‌ನ ಎಆರ್‌ಕಿಟ್ ಹೀಗೆ ಮುಖಚಲನೆಯ 52 ಅಳತೆಗಳನ್ನು ಕೊಡುತ್ತದೆ. ಒಂದೊಂದೂ 0 ಮತ್ತು 1ರ ನಡುವಿನ ಒಂದು ಸಂಖ್ಯೆ. ಸಾಮಾನ್ಯ ವೆಬ್‌ಕ್ಯಾಮ್ ಆದರೆ ಎಷ್ಟೋ ಸಲ ಇನ್ನೂ ಕಡಿಮೆ. ಆ ಅಳತೆಗಳು ವಿಟ್ಯೂಬ್ ಸ್ಟುಡಿಯೋದಂಥ ಪ್ರೋಗ್ರಾಂಗೆ ಹೋಗುತ್ತವೆ, ಅಲ್ಲಿಂದ ಮಾಡೆಲ್‌ಗೆ ತಲುಪುವಾಗ ಹೀಗಿರುತ್ತವೆ:

```
ParamAngleX       -12.4
ParamAngleY         3.1
ParamEyeLOpen       0.50
ParamEyeROpen       0.52
ParamMouthOpenY     0.35
```

ಒಂದು ಕ್ಷಣದ ಪಟ್ಟಿಯ ಒಂದು ತುಣುಕು ಇದು. ಮೂಗಿನ ಉದ್ದ, ಚರ್ಮದ ಬಣ್ಣ, ಎರಡು ಕಣ್ಣಿನ ನಡುವಿನ ದೂರ, ವಯಸ್ಸು, ಇವ್ಯಾವುದಕ್ಕೂ ಇಲ್ಲಿ ಜಾಗವೇ ಇಲ್ಲ. ಮಾಡೆಲ್‌ಗೆ ಅದು ಬೇಕಾಗಿಯೂ ಇಲ್ಲ. ಹೀಗೆ ಅಲ್ಲಾಡಿದ ಮಾಡೆಲ್‌ನ ಚಿತ್ರವನ್ನು ಮಾತ್ರ ಸ್ಟ್ರೀಮ್ ಮಾಡುವ ಪ್ರೋಗ್ರಾಂ ಎತ್ತಿಕೊಂಡು ನಿಮ್ಮ ಪರದೆಗೆ ಕಳಿಸುತ್ತದೆ.

ಈಗ ಯಾರಾದರೂ ಕೇಳಬಹುದು: ಅಂಕಿಗಳಾದರೂ ನಿಜವಾದ ಮುಖದಿಂದಲೇ ಬಂದವು ತಾನೆ, ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಮುಖ ತೆಗೆಯಬಹುದಲ್ವಾ? ಒಳ್ಳೆಯ ಪ್ರಶ್ನೆ. ಒಂದು ಉದಾಹರಣೆ ಮಾಡಿ ನೋಡೋಣ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವ ಹಾಗೆ ನಾನೇ ಇಟ್ಟುಕೊಂಡಿದ್ದೇನೆ, ವಿಧಾನ ಮಾತ್ರ ದಿನಾ ಮಾಡುವುದೇ.

ಇಬ್ಬರು ಒಂದೇ ಮಾಡೆಲ್ ಬಳಸುತ್ತಾರೆ ಅಂತ ಇಟ್ಟುಕೊಳ್ಳಿ. ಮೊದಲನೆಯವರಿಗೆ ದೊಡ್ಡ ಕಣ್ಣು. ಕ್ಯಾಮೆರಾ ಅಳೆದಾಗ ಪೂರ್ತಿ ತೆರೆದಾಗ 0.80, ಮುಚ್ಚಿದಾಗ 0.10 ಬರುತ್ತದೆ. ಎರಡನೆಯವರದು ಕಿರಿದಾದ ಕಣ್ಣು. ಅವರಿಗೆ ತೆರೆದಾಗ 0.50, ಮುಚ್ಚಿದಾಗ 0.05. ಇದನ್ನು ಹಾಗೇ ಮಾಡೆಲ್‌ಗೆ ಕೊಟ್ಟರೆ ಎರಡನೆಯವರ ಅವತಾರ್ ಇಡೀ ದಿನ ತೂಕಡಿಸುತ್ತಿರುವ ಹಾಗೆ ಕಾಣುತ್ತದೆ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಒಳಬರುವ ಅಳತೆಯ ಮಿತಿಯನ್ನು ಬೇರೆಬೇರೆ ಇಡುತ್ತೇವೆ. ಮೊದಲನೆಯವರಿಗೆ 0.10ರಿಂದ 0.80, ಎರಡನೆಯವರಿಗೆ 0.05ರಿಂದ 0.50. ಹೊರಹೋಗುವ ಮಿತಿ ಇಬ್ಬರಿಗೂ ಒಂದೇ, 0ಯಿಂದ 1.

ಈಗ ಮೊದಲನೆಯವರು ಕಣ್ಣನ್ನು ಅರ್ಧ ಮುಚ್ಚಿದರು. ಅಳತೆ 0.45. ಅದರಿಂದ 0.10 ಕಳೆದರೆ 0.35, ಅದನ್ನು ಒಟ್ಟು ಅಂತರ 0.70ರಿಂದ ಭಾಗಿಸಿದರೆ 0.50. ಎರಡನೆಯವರೂ ಅರ್ಧ ಮುಚ್ಚಿದರು. ಅವರ ಅಳತೆ 0.275. ಅದರಿಂದ 0.05 ಕಳೆದರೆ 0.225, ಅಂತರ 0.45ರಿಂದ ಭಾಗಿಸಿದರೆ ಮತ್ತೆ 0.50. ಮಾಡೆಲ್‌ಗೆ ತಲುಪಿದ್ದು ಎರಡು ಸಲವೂ ಒಂದೇ ಅಂಕಿ. ಪರದೆಯ ಮೇಲೆ ಕಂಡದ್ದು ಒಂದೇ ಕಣ್ಣು. ಉತ್ತರ ಹತ್ತು ಅಂತ ಮಾತ್ರ ಹೇಳಿ, ಕೂಡಿಸಿದ್ದು ಏಳು ಮತ್ತು ಮೂರೋ, ಆರು ಮತ್ತು ನಾಲ್ಕೋ ಅಂತ ಕೇಳಿದ ಹಾಗೆ ಇದು. ಎಷ್ಟೇ ಜಾಣರಾದರೂ ಹೇಳಲು ಬರುವುದಿಲ್ಲ.

ಗಮನಿಸಿ, ಇದು ಯಾರೂ ಗುಟ್ಟು ಮಾಡಲು ಹೂಡಿದ ಉಪಾಯ ಅಲ್ಲ. ಅವತಾರ್ ಚೆನ್ನಾಗಿ ಕಾಣಬೇಕು ಅಂತ ಮಾಡುವ ಮಾಮೂಲಿ ಹೊಂದಾಣಿಕೆ. ಆದರೆ ಒಂದು ಮುಖವನ್ನು ಇನ್ನೊಂದರಿಂದ ಬೇರೆ ಮಾಡುವ ವ್ಯತ್ಯಾಸ ಯಾವುದಿತ್ತೋ, ಅದನ್ನೇ ಈ ಹೊಂದಾಣಿಕೆ ಅಳಿಸಿಹಾಕುತ್ತದೆ. ಸ್ಟ್ರೀಮ್ ಶುರು ಮಾಡುವ ಮೊದಲು ನೇರ ಕೂತು ಕ್ಯಾಲಿಬ್ರೇಟ್ ಬಟನ್ ಒತ್ತುವುದೂ ಇದೇ ಜಾತಿಯ ಕೆಲಸ. "ನಾನು ಕೂತಿರುವ ಈ ಭಂಗಿಯೇ ಸೊನ್ನೆ ಅಂತ ಇಟ್ಟುಕೋ" ಅಂತ ಪ್ರೋಗ್ರಾಂಗೆ ಹೇಳುವುದು ಅದು. ಅದರ ಮೇಲೆ ಸ್ಮೂಥಿಂಗ್ ಬೇರೆ ಇರುತ್ತದೆ. ಸಣ್ಣಪುಟ್ಟ ನಡುಕ, ಹಠಾತ್ ಚಲನೆಗಳೆಲ್ಲ ಅದರಲ್ಲಿ ಸವೆದುಹೋಗುತ್ತವೆ.

ಇನ್ನೊಂದು ವಿಷಯ ಇದೆ, ಇದು ತುಂಬ ಜನರಿಗೆ ಗೊತ್ತಿಲ್ಲ. ಅವತಾರ್‌ನ ಚಲನೆಯಲ್ಲಿ ದೊಡ್ಡ ಭಾಗ ಆ ವ್ಯಕ್ತಿಯದ್ದೇ ಅಲ್ಲ. ಕೂದಲು ತೂಗುವುದು, ಕಿವಿಯೋಲೆ ಅಲುಗುವುದು ಭೌತಶಾಸ್ತ್ರದ ಲೆಕ್ಕ. ತಲೆ ಇಷ್ಟು ತಿರುಗಿದರೆ ಜಡೆ ಎಷ್ಟು ತಡವಾಗಿ ಹಿಂಬಾಲಿಸಬೇಕು ಅಂತ ನಾನು ಇಟ್ಟ ಸೆಟ್ಟಿಂಗ್ ಅದು. ಎದೆ ಏರಿ ಇಳಿಯುವ ಉಸಿರು ಬರುವುದು ParamBreath ಅನ್ನುವ ಪ್ಯಾರಾಮೀಟರ್‌ನಿಂದ. ಸಾಮಾನ್ಯವಾಗಿ ಅದು ಗಡಿಯಾರದ ಹಾಗೆ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಕ್ಯಾಮೆರಾ ಮುಂದೆ ಯಾರೂ ಇಲ್ಲದಿದ್ದರೂ ಮಾಡೆಲ್ ಉಸಿರಾಡುತ್ತದೆ! ಕಣ್ಣು ಮಿಟುಕಿಸುವುದನ್ನೂ ತಾನಾಗಿ ನಡೆಯುವ ಹಾಗೆ ಇಡಬಹುದು. ನಾಚಿಕೆಯ ಕೆಂಪು, ಕಣ್ಣೀರು, ಸಿಟ್ಟಿನ ಗೆರೆ ಇವೆಲ್ಲ ಹೆಚ್ಚಾಗಿ ಕೀಬೋರ್ಡಿನ ಒಂದು ಕೀಲಿಗೆ ಕಟ್ಟಿದ ಎಕ್ಸ್‌ಪ್ರೆಶನ್‌ಗಳು. ಬಾಯಿ ಕೂಡ ಕ್ಯಾಮೆರಾದಿಂದಲೇ ಅಲ್ಲಾಡಬೇಕು ಅಂತ ಇಲ್ಲ, ಮೈಕಿನ ಸದ್ದಿಗೆ ಜೋಡಿಸಿದರೂ ಸಾಕು. ಪಿಎನ್‌ಜಿಟ್ಯೂಬರ್‌ಗಳ ವಿಷಯದಲ್ಲಿ ಕ್ಯಾಮೆರಾದ ಪ್ರಶ್ನೆಯೇ ಬರುವುದಿಲ್ಲ. ಬಾಯಿ ಮುಚ್ಚಿದ ಚಿತ್ರ ಒಂದು, ತೆರೆದ ಚಿತ್ರ ಒಂದು. ಮೈಕಿಗೆ ಸದ್ದು ಬಂದಾಗ ಒಂದರ ಜಾಗದಲ್ಲಿ ಇನ್ನೊಂದು ಬರುತ್ತದೆ, ಅಷ್ಟೇ.

ಆದ್ದರಿಂದ "ಇವರ ಹಾಗೇ ಕಣ್ಣು ಮಿಟುಕಿಸುತ್ತಾಳೆ, ಇವರ ಹಾಗೇ ಉಸಿರೆಳೆಯುತ್ತಾಳೆ" ಅಂತ ಯಾರಾದರೂ ಹೋಲಿಕೆಯ ವಿಡಿಯೋ ಮಾಡಿ ಕಳಿಸಿದರೆ, ಅವರು ಹೋಲಿಸುತ್ತಿರುವುದು ನನ್ನ ಸೆಟ್ಟಿಂಗ್ಸ್ ಜೊತೆಗೆ ಇರಬಹುದು.

ಚಿತ್ರದ ಹೋಲಿಕೆಗೆ ಬರೋಣ. ನಾನು ರಿಗ್ ಮಾಡಿದ ಒಂದು ಮಾಡೆಲ್‌ಗೆ ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆ ಇತ್ತು. ಅದನ್ನೇ ಹಿಡಿದುಕೊಂಡು ಒಬ್ಬರು ನನಗೆ ಒಂದು ಫೋಟೋ ಕಳಿಸಿದರು. ಫೋಟೋದಲ್ಲಿದ್ದವರಿಗೂ ಅದೇ ಜಾಗದಲ್ಲಿ ಮಚ್ಚೆ. ಕೂದಲೂ ಅದೇ ಉದ್ದ. ಅವರ ಮಟ್ಟಿಗೆ ಕೇಸು ಮುಗಿದಿತ್ತು. ಆದರೆ ಆ ಮಚ್ಚೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಕಲಾವಿದರು ಕಳಿಸಿದ ಮೊದಲ ಸ್ಕೆಚ್‌ನಲ್ಲಿ ಅದು ಇರಲೇ ಇಲ್ಲ. ಮುಖ ತೀರಾ ಬೋಳಾಗಿ ಕಾಣುತ್ತಿದೆ ಅಂತ ಎರಡನೇ ಸ್ಕೆಚ್‌ನಲ್ಲಿ ಅವರೇ ಸೇರಿಸಿದರು. ಕಣ್ಣಿನ ಕೆಳಗಿನ ಮಚ್ಚೆ ಆ ಶೈಲಿಯ ಚಿತ್ರಗಳಲ್ಲಿ ತುಂಬ ಹಳೆಯ ಅಲಂಕಾರ, ಎಷ್ಟೋ ಪಾತ್ರಗಳಿಗೆ ಇದೆ. ನನ್ನ ಫೈಲಿನಲ್ಲಿ ಅದು ಒಂದು ಪ್ರತ್ಯೇಕ ಲೇಯರ್. ಬೇಡ ಅಂದರೆ ಆಫ್ ಮಾಡಬಹುದು.

ಅವತಾರ್‌ನ ಪ್ರತಿಯೊಂದು ಅಂಶಕ್ಕೂ ಹೀಗೆ ಒಂದು ಕಾರಣ ಇರುತ್ತದೆ, ಮತ್ತು ಆ ಕಾರಣ ಹೆಚ್ಚಾಗಿ ಚಿತ್ರದ್ದೇ ಆಗಿರುತ್ತದೆ. ಸಣ್ಣ ಮೊಬೈಲ್ ಪರದೆಯಲ್ಲಿ ಗುರುತು ಸಿಗಲಿ ಅಂತ ಕೂದಲಿಗೆ ಗಾಢ ಬಣ್ಣ. ಬಾಯಿಯ ಚಲನೆ ಎದ್ದು ಕಾಣಲಿ ಅಂತ ಸಣ್ಣ ಮೂಗು. ಭಾವ ತೋರಿಸಲು ಜಾಸ್ತಿ ಜಾಗ ಸಿಗಲಿ ಅಂತ ದೊಡ್ಡ ಕಣ್ಣು. ಕೆಲವರು ತಮ್ಮದೇ ಕನ್ನಡಕ, ತಮ್ಮದೇ ಹೇರ್‌ಸ್ಟೈಲ್ ಕೊಡಿ ಅಂತ ಕೇಳುವುದೂ ಉಂಟು. ಆದರೆ ಯಾರು ಕೇಳಿದ್ದಾರೆ, ಯಾರು ಕೇಳಿಲ್ಲ ಅಂತ ಹೊರಗಿನಿಂದ ನೋಡುವವರಿಗೆ ತಿಳಿಯುವ ದಾರಿ ಇಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ಸಲ ನನಗೂ ತಿಳಿದಿರುವುದಿಲ್ಲ. ಆರ್ಡರ್ ಬರುವುದು ಒಂದು ಹ್ಯಾಂಡಲ್‌ನಿಂದ, ಫೈಲ್ ಹೋಗುವುದೂ ಅದೇ ಹ್ಯಾಂಡಲ್‌ಗೆ.

"ಮುಖ ಹುಡುಕುವ ವೆಬ್‌ಸೈಟಿಗೆ ಹಾಕಿ ನೋಡಿದೆ, ಇವರು ಬಂದರು" ಅಂತ ಕೆಲವರು ವಾದ ಮಾಡುತ್ತಾರೆ. ಅಂಥ ಹುಡುಕಾಟ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ತಿಳಿದರೆ ಇದರ ತೂಕ ಎಷ್ಟು ಅಂತ ಗೊತ್ತಾಗುತ್ತದೆ. ಆ ಪ್ರೋಗ್ರಾಂ ಪ್ರತಿ ಮುಖವನ್ನೂ ಅಂಕಿಗಳ ಒಂದು ಸಾಲಾಗಿ ಬದಲಿಸಿ, ತನ್ನ ಹತ್ತಿರ ಇರುವ ಫೋಟೋಗಳ ಸಾಲುಗಳಲ್ಲಿ ಯಾವುದು ಇದಕ್ಕೆ ಹತ್ತಿರ ಅಂತ ನೋಡುತ್ತದೆ. ಅದು ಕಲಿತಿರುವುದು ನಿಜವಾದ ಮನುಷ್ಯರ ಫೋಟೋಗಳಿಂದ. ಬರೆದ ಚಿತ್ರ ಕೊಟ್ಟರೆ ಎಷ್ಟೋ ಸಲ "ಮುಖ ಸಿಗಲಿಲ್ಲ" ಅನ್ನುತ್ತದೆ. ಸಿಕ್ಕಿತು ಅಂದರೂ ಅದು ಹಿಂದೆ ಕೊಡುವುದು ಹತ್ತಿರದ ಫಲಿತಾಂಶಗಳನ್ನು. ಅಷ್ಟು ಫೋಟೋಗಳ ರಾಶಿಯಲ್ಲಿ ಹತ್ತಿರದ್ದು ಅಂತ ಒಂದು ಯಾವಾಗಲೂ ಇದ್ದೇ ಇರುತ್ತದೆ. ಆ ಅವತಾರ್ ಬಳಸುವವರ ಫೋಟೋ ಆ ರಾಶಿಯಲ್ಲಿ ಇಲ್ಲವೇ ಇಲ್ಲದಿದ್ದರೂ ಯಾರೋ ಒಬ್ಬರು ಮೇಲೆ ಬರಬಹುದು. ಇದನ್ನು ಪರೀಕ್ಷಿಸುವುದು ಸುಲಭ. ಯಾವ ಮನುಷ್ಯರನ್ನೂ ನೋಡದೆ ನೀವೇ ಒಂದು ಕಾರ್ಟೂನು ಮುಖ ಬರೆದು ಹಾಕಿ ನೋಡಿ. ಆಗಲೂ ಒಂದು ಹೆಸರು ಬಂದರೆ, ಆ ಯಂತ್ರ ನಿಮ್ಮ ಅವತಾರ್ ಬಗ್ಗೆ ಹೇಳಿದ್ದಕ್ಕೂ ಅಷ್ಟೇ ಬೆಲೆ.

ಮೂರು ಆಯಾಮದ ಮಾಡೆಲ್‌ಗಳಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಅವು ಹೆಚ್ಚಾಗಿ ವಿಆರ್‌ಎಂ ಅನ್ನುವ ಫಾರ್ಮ್ಯಾಟ್‌ನಲ್ಲಿರುತ್ತವೆ. ಆ ಫೈಲಿನ ಒಳಗೆ author ಅಂತ ಒಂದು ಜಾಗ ಇದೆ. ಅದನ್ನು ತೆರೆದು ನೋಡಿ "ಹೆಸರು ಸಿಕ್ಕಿತು" ಅಂತ ಕುಣಿಯುವವರು ಇದ್ದಾರೆ. ಅಲ್ಲಿರುವುದು ಮಾಡೆಲ್ ಮಾಡಿದವರ ಹೆಸರು, ಬಳಸುವವರದ್ದಲ್ಲ. ಅದೇ ಫಾರ್ಮ್ಯಾಟ್‌ನ ಹಳೆಯ ಆವೃತ್ತಿಯಲ್ಲಿ allowedUserName ಅಂತ ಇನ್ನೊಂದು ಜಾಗವೂ ಇದೆ. ಈ ಮಾಡೆಲ್ ಧರಿಸಲು ಯಾರಿಗೆ ಅನುಮತಿ ಅಂತ ಅಲ್ಲಿ ಬರೆದಿರುತ್ತದೆ: ಮಾಡಿದವರಿಗೆ ಮಾತ್ರವೋ, ಒಪ್ಪಿಗೆ ಪಡೆದವರಿಗೋ, ಎಲ್ಲರಿಗೋ. ಒಂದು ಅವತಾರ್‌ಗೆ ಒಬ್ಬನೇ ಮನುಷ್ಯ ಅಂತ ಫಾರ್ಮ್ಯಾಟ್ ಮಾಡಿದವರೇ ಅಂದುಕೊಂಡಿರಲಿಲ್ಲ, ಅಲ್ವಾ? ರೆಡಿಮೇಡ್ ಮಾಡೆಲ್‌ಗಳು ಮಾರಾಟಕ್ಕಿವೆ, ಒಂದೇ ಮಾಡೆಲ್ ಎಷ್ಟೋ ಜನ ಕೊಳ್ಳುತ್ತಾರೆ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೇ ಇದೆ. ಜಪಾನಿನ ಕಿಜುನಾ ಐ 2016ರಲ್ಲಿ ಯೂಟ್ಯೂಬಿಗೆ ಬಂದಾಗ ತನ್ನನ್ನು ವರ್ಚುವಲ್ ಯೂಟ್ಯೂಬರ್ ಅಂತ ಕರೆದುಕೊಂಡಳು. ಆ ಹೆಸರು ಜನರ ಬಾಯಲ್ಲಿ ಉಳಿದದ್ದೇ ಅವಳಿಂದ. ದನಿ ಯಾರದ್ದು ಅಂತ ತಂಡ ಹೇಳಿರಲಿಲ್ಲ. 2019ರಲ್ಲಿ ಅದೇ ರೂಪಕ್ಕೆ ಬೇರೆ ದನಿಗಳೂ ಸೇರಿದವು. ಅದೇ ಮುಖ, ಅದೇ ರಿಬ್ಬನ್, ಒಳಗೆ ಮಾತ್ರ ಬೇರೆ ಜನ. ಅಭಿಮಾನಿಗಳು ಬೇಸರ ಮಾಡಿಕೊಂಡರು, ಗಲಾಟೆಯೂ ಆಯಿತು. ಗಮನಿಸಬೇಕಾದ್ದು ಏನೆಂದರೆ, ಅವರಿಗೆ ವ್ಯತ್ಯಾಸ ಗೊತ್ತಾದದ್ದು ಕಿವಿಯಿಂದ. ಕಣ್ಣಿಗೆ ಕಾಣುವುದರಲ್ಲಿ ಬದಲಾವಣೆ ಇರಲಿಲ್ಲ. ಮೂಲ ದನಿ ಯಾರದ್ದು ಅಂತ 2020ರಲ್ಲಿ ಅಧಿಕೃತವಾಗಿ ತಿಳಿಸಿದ್ದು ಅವರ ಕಡೆಯವರೇ. ಯಾರೂ ಆ ರೂಪವನ್ನು ನೋಡಿ ನೋಡಿ ಕಂಡುಹಿಡಿದದ್ದಲ್ಲ.

ಗೇಮ್ ಪ್ರೊಫೈಲ್ ಚಿತ್ರದ ವಿಷಯ ಇನ್ನೂ ಸರಳ. ಅಲ್ಲಿ ಆಡುವವರ ಚಲನೆಯೂ ಇಲ್ಲ, ದನಿಯೂ ಇಲ್ಲ, ಒಂದು ಸಣ್ಣ ಚೌಕ ಅಷ್ಟೇ. ಗೇಮ್ ಮಾರುವ ಸ್ಟೀಮ್ ಅನ್ನುವ ತಾಣದಲ್ಲಿ ಅದರ ದೊಡ್ಡ ಅಳತೆಯೇ 184 × 184 ಪಿಕ್ಸೆಲ್. ಫ್ರೆಂಡ್ಸ್ ಪಟ್ಟಿಯಲ್ಲಿ ಇನ್ನೂ ಸಣ್ಣದು. ಆ ಚಿತ್ರದ ವಿಳಾಸದಲ್ಲಿ 40 ಅಕ್ಷರಗಳ ಒಂದು ಸಾಲು ಇರುತ್ತದೆ. "ಇದು ಅವನ ಗುರುತಿನ ಸಂಖ್ಯೆ" ಅಂತ ಅದನ್ನು ಕಾಪಿ ಮಾಡಿ ದೂರಿನಲ್ಲಿ ಹಾಕಿದವರನ್ನು ನೋಡಿದ್ದೇನೆ. ಅದು ಮನುಷ್ಯನ ಗುರುತಲ್ಲ, ಚಿತ್ರದ ಗುರುತು. ಚಿತ್ರವನ್ನೇ ಬದಲಿಸಿಕೊಳ್ಳದ ಅಕೌಂಟುಗಳಿಗೆಲ್ಲ ಒಂದೇ ಪ್ರಶ್ನಾರ್ಥಕ ಚಿಹ್ನೆ ಇರುತ್ತದಲ್ಲ, ಅವೆಲ್ಲದರಲ್ಲೂ ಆ ಸಾಲು ಇದೇ:

```
fef49e7fa7e1997310d705b2a6158ff8dc1cdfeb
```

ಇದನ್ನು ಹಿಡಿದು ಹುಡುಕಿದರೆ ಸಿಗುವುದು ಒಬ್ಬರಲ್ಲ, ಚಿತ್ರ ಹಾಕದೆ ಬಿಟ್ಟ ಎಲ್ಲರೂ. ಅಕೌಂಟ್‌ನ ನಿಜವಾದ ಗುರುತು ಬೇರೆಯೇ ಇದೆ. ಅದು 17 ಅಂಕಿಗಳ ಸಂಖ್ಯೆ, 7656119ರಿಂದ ಶುರುವಾಗುತ್ತದೆ. ಹೆಸರು ಬದಲಿಸಿದರೂ ಚಿತ್ರ ಬದಲಿಸಿದರೂ ಅದು ಬದಲಾಗುವುದಿಲ್ಲ. ಆ ಸಂಖ್ಯೆ ಕೂಡ ಹೇಳುವುದು ಯಾವ ಅಕೌಂಟ್ ಅಂತ ಮಾತ್ರ. ಕೀಬೋರ್ಡ್ ಮುಂದೆ ಕೂತವರು ಯಾರು ಅಂತ ಅಲ್ಲ.

ಇದರ ಇನ್ನೊಂದು ಮಗ್ಗುಲಿನಿಂದಲೇ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಚಿತ್ರ ಯಾರು ಬೇಕಾದರೂ ಸೇವ್ ಮಾಡಿಕೊಂಡು ಹಾಕಿಕೊಳ್ಳಬಹುದು. ನಿಮ್ಮ ಗೆಳೆಯನ ಚಿತ್ರ, ಗೆಳೆಯನ ಹೆಸರು, ಅವನ ಪ್ರೊಫೈಲ್‌ನ ವಿವರ ಎಲ್ಲ ನಕಲು ಮಾಡಿದ ಅಕೌಂಟ್‌ನಿಂದ "ಆ ಐಟಂ ಸ್ವಲ್ಪ ಕಳಿಸು, ಆಮೇಲೆ ಕೊಡ್ತೀನಿ" ಅಂತ ಮೆಸೇಜು ಬರುತ್ತದೆ. ನೋಡಿದರೆ ಅವನೇ. ಆದರೆ ಅಕೌಂಟ್ ಮೊನ್ನೆ ಮೊನ್ನೆ ತೆರೆದದ್ದು, ಲೆವೆಲ್ ಸೊನ್ನೆ, 17 ಅಂಕಿಯ ಸಂಖ್ಯೆ ಬೇರೆ. ಚಿತ್ರ ನೋಡಿ "ಇದು ಅವನಲ್ಲ" ಅಂತ ಹೇಳಲು ಆಗದ ಹಾಗೆಯೇ "ಇದು ಅವನೇ" ಅಂತಲೂ ಹೇಳಲು ಆಗುವುದಿಲ್ಲ. ಇಂಥ ಮೆಸೇಜು ಬಂದರೆ ಬೇರೆ ದಾರಿಯಲ್ಲಿ, ಫೋನ್ ಮಾಡಿಯೋ ಎದುರಿಗೆ ಸಿಕ್ಕಾಗಲೋ, ಕೇಳಿ.

ಗುರುತು ಸಿಗುವ ದಾರಿಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ, ಅವತಾರ್ ಬಳಸುವವರಿಗೂ ಅದರಿಂದ ತೊಂದರೆ. ದನಿ ದನಿಯೇ, ಅದನ್ನು ಬದಲಿಸದೆ ಬಿಟ್ಟರೆ ಪರಿಚಯದವರಿಗೆ ಗೊತ್ತಾಗಬಹುದು. ಪೂರ್ತಿ ಡೆಸ್ಕ್‌ಟಾಪ್ ಹಂಚಿಕೊಂಡಾಗ ಇಮೇಲ್‌ನ ಹೆಸರು ಕಾಣಬಹುದು. ಒಂದೇ ಹ್ಯಾಂಡಲ್ ಹತ್ತು ಕಡೆ ಬಳಸಿದ್ದರೆ ಅವೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆದರೆ ಇವು ಯಾವುವೂ ಚಿತ್ರದಿಂದ ಬಂದವಲ್ಲ ಅನ್ನುವುದನ್ನು ನೋಡಿ.

ವಿಷಯ ತಿಳಿದವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದಕ್ಕೆ ಉತ್ತರ ಕೊಡದೆ ಹೋಗಲಾರೆ. 2023ರಲ್ಲಿ ಅಮೆರಿಕದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ತಲೆಗೆ ಹೆಡ್‌ಸೆಟ್ ಹಾಕಿಕೊಂಡು ಬೀಟ್ ಸೇಬರ್ ಅನ್ನುವ ವಿಆರ್ ಆಟ ಆಡುವ 50,000ಕ್ಕೂ ಹೆಚ್ಚು ಜನರ ತಲೆ ಮತ್ತು ಕೈಗಳ ಚಲನೆಯ ದಾಖಲೆ ಅವರ ಹತ್ತಿರ ಇತ್ತು. ಬರೀ 100 ಸೆಕೆಂಡಿನ ಚಲನೆ ಕೊಟ್ಟರೆ ಅದು ಅವರಲ್ಲಿ ಯಾರದ್ದು ಅಂತ ಶೇಕಡಾ 94ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಲು ಆಯಿತು. ಇದು ಗಂಭೀರ ವಿಷಯ, ವಿಆರ್ ಕಂಪನಿಗಳ ಹತ್ತಿರ ಯಾವ ಡೇಟಾ ಇರಬೇಕು ಅನ್ನುವ ಚರ್ಚೆಯಲ್ಲಿ ಇದನ್ನು ಎತ್ತಲೇಬೇಕು.

ಆದರೆ ಅಲ್ಲಿ ಆದದ್ದು ಏನು ಅಂತ ಸರಿಯಾಗಿ ನೋಡಿ. ಅವರು ಅವತಾರ್ ಹೇಗೆ ಕಾಣುತ್ತದೆ ಅಂತ ನೋಡಲೇ ಇಲ್ಲ. ಹೆಡ್‌ಸೆಟ್ ಮತ್ತು ಕೈಯ ಕಂಟ್ರೋಲರ್‌ಗಳು ದಾಖಲಿಸಿದ ಕಚ್ಚಾ ಅಂಕಿಗಳನ್ನು ಬಳಸಿದರು. ಪ್ರತಿ ಆಟಗಾರರ ಹಳೆಯ ದಾಖಲೆ ಮೊದಲೇ ಕೈಯಲ್ಲಿತ್ತು, ಹೊಸದನ್ನು ಅದರ ಜೊತೆ ಹೋಲಿಸಿದರು. ಹಳೆಯ ದಾಖಲೆಯೇ ಇಲ್ಲದ ವ್ಯಕ್ತಿಯನ್ನು ಈ ವಿಧಾನ ಎಲ್ಲಿಂದಲೂ ಹುಡುಕಿ ತರುವುದಿಲ್ಲ. ಸಿಕ್ಕರೂ "ಆ ಆಟಗಾರನೇ ಈ ಆಟಗಾರ" ಅಂತ ಸಿಗುತ್ತದೆ, ನಿಜವಾದ ಹೆಸರು ಸಿಗುವುದಿಲ್ಲ. ಸ್ಮೂಥಿಂಗ್ ಆಗಿ, ಮಿತಿ ಬದಲಾಗಿ, ವಿಡಿಯೋ ಆಗಿ ಕುಗ್ಗಿ ಬಂದ ಒಂದು ಸ್ಟ್ರೀಮನ್ನು ಕಣ್ಣಲ್ಲಿ ನೋಡಿ "ತಲೆ ಅಲ್ಲಾಡಿಸುವ ರೀತಿ ಒಂದೇ" ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಅಧ್ಯಯನವನ್ನು ತೋರಿಸಿ ಯಾರ ಮೇಲಾದರೂ ಬೆರಳು ಮಾಡುವವರು ಅದನ್ನು ಓದಿಲ್ಲ ಅಂತಲೇ ನನ್ನ ಅನಿಸಿಕೆ.

ಈಗ ಮಾಡರೇಟರ್‌ಗಳಲ್ಲಿ ನನ್ನ ಕೋರಿಕೆ. ನಿಮ್ಮ ಹತ್ತಿರ ಬರುವ ದೂರುಗಳಲ್ಲಿ ನಿಜವಾದವೂ ಇರುತ್ತವೆ. ಬೆದರಿಕೆ ಹಾಕುವವರು, ಮೋಸ ಮಾಡುವವರು, ಮಕ್ಕಳ ಜೊತೆ ಕೆಟ್ಟದಾಗಿ ಮಾತಾಡುವವರು ಅವತಾರ್ ಹಿಂದೆ ಕೂರುವುದು ಸುಳ್ಳಲ್ಲ. ಅವರನ್ನು ಹಿಡಿಯಬೇಕು. ಅದಕ್ಕೇ ಚಿತ್ರದ ಹೋಲಿಕೆಯನ್ನು ಬಿಟ್ಟು ಕೆಲಸಕ್ಕೆ ಬರುವುದನ್ನು ಕೇಳಿ ಅನ್ನುತ್ತಿದ್ದೇನೆ. ಅಕೌಂಟ್‌ನ ಬದಲಾಗದ ಸಂಖ್ಯೆ ಅಥವಾ ಚಾನೆಲ್‌ನ ಐಡಿ, ಪ್ರೊಫೈಲ್‌ನ ಪೂರ್ತಿ ಲಿಂಕ್, ಯಾವ ದಿನ ಎಷ್ಟು ಹೊತ್ತಿಗೆ ಆಯಿತು ಮತ್ತು ಅದು ಯಾವ ಟೈಮ್‌ಝೋನ್, ಹೇಳಿದ ಮಾತಿನ ಸ್ಕ್ರೀನ್‌ಶಾಟ್ ಅಥವಾ ಕ್ಲಿಪ್. ಇಷ್ಟಿದ್ದರೆ ಲಾಗಿನ್‌ನ ದಾಖಲೆ ಇಟ್ಟಿರುವ ಪ್ಲಾಟ್‌ಫಾರ್ಮ್‌ಗೆ ಹುಡುಕಲು ಬರುತ್ತದೆ, ಪೊಲೀಸರು ಕಾನೂನಿನ ಪ್ರಕಾರ ಅವರನ್ನು ಕೇಳಲೂ ಬರುತ್ತದೆ. ಬೆದರಿಕೆ ಹಾಕಿದ ಅಕೌಂಟ್ ಹೆಸರು, ಚಿತ್ರ ಎರಡನ್ನೂ ಬದಲಿಸಿಕೊಂಡು ಕೂತಿದ್ದರೂ ಆ ದೂರು ನಿಲ್ಲುತ್ತದೆ. ಬರೀ ಅವತಾರ್‌ನ ಸ್ಕ್ರೀನ್‌ಶಾಟ್ ಇಟ್ಟ ದೂರು ಚಿತ್ರ ಬದಲಾದ ದಿನವೇ ಸತ್ತುಹೋಗಿರುತ್ತದೆ.

ಅಕೌಂಟಿನ ಮೇಲೆ ಕ್ರಮ ತೆಗೆದುಕೊಳ್ಳಲು ನಿಮಗೆ ಮನುಷ್ಯನ ಹೆಸರು ಬೇಕಾಗಿಯೇ ಇಲ್ಲ ಅನ್ನುವುದನ್ನೂ ಗಮನಿಸಿ. ತಪ್ಪು ಮಾಡಿದ ಅಕೌಂಟನ್ನು ಹೊರಹಾಕಿ, ಅದು ನಿಮ್ಮ ಕೈಯಲ್ಲಿದೆ. ಆದರೆ ದೂರಿನ ಜೊತೆ ಯಾರದಾದರೂ ಫೋಟೋ ಲಗತ್ತಿಸಿ ಬಂದರೆ ಅದನ್ನು ಬೇರೆಯವರಿಗೆ ಹಂಚಬೇಡಿ, ಪಿನ್ ಮಾಡಬೇಡಿ, "ಪರಿಶೀಲಿಸುತ್ತಿದ್ದೇವೆ" ಅಂತ ಎಲ್ಲರ ಮುಂದೆ ಹಾಕಬೇಡಿ. ಕಳಿಸಿದವರಿಗೆ ಫೋಟೋ ತೆಗೆದು ದೂರನ್ನು ಮತ್ತೆ ಕಳಿಸಲು ಹೇಳಿ. ನಿಮ್ಮ ನಿಯಮಗಳ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲು ಇದ್ದರೆ ಒಳ್ಳೆಯದು.

ಇನ್ನು ನನಗೆ ಮೆಸೇಜು ಮಾಡುವವರಿಗೆ. ಯಾವ ಮಾಡೆಲ್ ನಾನು ಮಾಡಿದ್ದು ಅಂತ ಕೇಳಿ, ಮಾಡಿಸಿದವರು ಒಪ್ಪಿದ್ದರೆ ಹೇಳುತ್ತೇನೆ. ಹೇಗೆ ಮಾಡಿದೆ ಅಂತ ಕೇಳಿ, ಸಂತೋಷದಿಂದ ಹೇಳುತ್ತೇನೆ. ಪಕ್ಕದಲ್ಲಿ ಫೋಟೋ ಇಟ್ಟು "ಇದು ಇವರೇ ಅಲ್ವಾ" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಆ ಮೆಸೇಜನ್ನು ರಿಪೋರ್ಟ್ ಮಾಡುತ್ತೇನೆ.

ಇಂತಿ,
ಒಬ್ಬ ಮಾಡೆಲ್ ರಿಗ್ಗರ್